‘ಖರ್ಚೆಲ್ಲ ನಮ್ಮದು’ ಎನ್ನುವ ಮುಂಚೆ ಕಂಪನಿಗೊಂದು ಫೋನ್ ಮಾಡಿ

ಮಳೆಗಾಲ ಶುರುವಾಯಿತೆಂದರೆ ನನಗೆ ಒಂದೇ ತರದ ಕರೆಗಳು ಬರುತ್ತವೆ. ಹೋಮ್‌ಸ್ಟೇಯಲ್ಲಿ ಯಾರೋ ಬಿದ್ದಿದ್ದಾರೆ, ಪೆಟ್ಟಾಗಿದೆ, ಮಾಲೀಕರು ಆಸ್ಪತ್ರೆ ಬಿಲ್ ಕಟ್ಟಿ ಆಗಿದೆ, ‘ತಪ್ಪು ನಮ್ಮದೇ, ಖರ್ಚೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದು ವಾಟ್ಸಾಪ್‌ನಲ್ಲಿ ಬರೆದೂ ಆಗಿದೆ. ಆಮೇಲೆ ನನಗೆ ಫೋನ್: ‘ಇನ್ಶೂರೆನ್ಸ್ ಉಂಟಲ್ಲ ಮಾರಾಯ್ರೆ, ಬಿಲ್ ಎಲ್ಲಿಗೆ ಕಳಿಸಬೇಕು?’

ಮನೆಗೆ ಬಂದವರಿಗೆ ನೋವಾದರೆ ಸುಮ್ನೆ ಕೂರುವ ಜನ ಅಲ್ಲ ನಮ್ಮ ಊರಿನವರು. ಅದು ನನಗೆ ಇಷ್ಟದ ಗುಣವೇ. ಆದರೆ ಆ ಒಂದು ಸಾಲಿನಿಂದ ಎಷ್ಟು ನಷ್ಟ ಆಗುತ್ತದೆ ಎನ್ನುವುದನ್ನು ನೋಡಿ ನೋಡಿ ಸಿಟ್ಟು ಬರುತ್ತದೆ.

ಕಾಪು ಕಡೆಯ ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ, ಮೊತ್ತ ಸ್ವಲ್ಪ ಬದಲಿಸಿದ್ದೇನೆ. ಕೆಂಪುಕಲ್ಲಿನ ಹಂಚಿನ ಮನೆ, ಅಂಗಳದ ಆಚೆ ಅತಿಥಿಗಳಿಗೆ ಮೂರು ಕೋಣೆ. ಜುಲೈಯ ಗಾಳಿ ಮಳೆಗೆ ರಾತ್ರಿ ಒಂದು ತೆಂಗಿನ ಮರ ಕೋಣೆಗಳ ಮಾಡಿನ ಮೇಲೆ ಬಿತ್ತು. ಪಕ್ಕಾಸು, ರೀಪು ಮುರಿದು ಹಂಚೆಲ್ಲ ಮಂಚದ ಮೇಲೆ. ಬೆಂಗಳೂರಿಂದ ಬಂದಿದ್ದ ಒಬ್ಬರ ಕೈ ಮುರಿಯಿತು, ಅವರ ಲ್ಯಾಪ್‌ಟಾಪ್ ಪುಡಿಯಾಯಿತು. ಮಾಡಿನ ರಿಪೇರಿಗೆ 1,60,000, ಟಿವಿ, ಎಸಿ, ಹಾಸಿಗೆಗೆ 70,000, ಕೈಯ ಆಪರೇಷನ್‌ಗೆ 1,40,000, ಲ್ಯಾಪ್‌ಟಾಪಿಗೆ 65,000. ಒಟ್ಟು 4,35,000 ರೂಪಾಯಿ.

ಆ ಮನೆಯ ಅಕ್ಕ ಕೇಳಿದ್ದು ಇಷ್ಟೇ: ‘ಕಟ್ಟಡಕ್ಕೆ 40 ಲಕ್ಷ, ಸಾಮಾನಿಗೆ 5 ಲಕ್ಷ, ಅತಿಥಿಗಳಿಗೆ 10 ಲಕ್ಷ. ಒಟ್ಟು 55 ಲಕ್ಷ ಉಂಟಲ್ಲ, ಅದರಲ್ಲಿ ನಾಲ್ಕೂವರೆ ಬರುವುದಿಲ್ವಾ?’

ಹಾಗೆ ಒಟ್ಟು ಮಾಡುವ ಹಾಗಿಲ್ಲ. ಒಂದೇ ಪ್ರೀಮಿಯಂ ಕಟ್ಟಿದರೂ ಒಳಗೆ ಮೂರು ಭಾಗ ಇದೆ, ಒಂದರ ಹಣ ಇನ್ನೊಂದಕ್ಕೆ ಹೋಗುವುದಿಲ್ಲ. ಮೂರಕ್ಕೂ ನಿಯಮ ಬೇರೆ ಬೇರೆ.

ಕಟ್ಟಡ, ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಈ ಎರಡು ಭಾಗಕ್ಕೆ ಅವರದ್ದು ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ. ಒಂದೇ ಜಾಗದಲ್ಲಿ 5 ಕೋಟಿವರೆಗಿನ ಆಸ್ತಿ ಇರುವ ಸಣ್ಣ ವ್ಯವಹಾರಗಳಿಗೆ 2021ರ ಏಪ್ರಿಲ್‌ನಿಂದ ಬಂದದ್ದು. ಜೊತೆಗೇ ಬಂದ ‘ಭಾರತ್ ಗೃಹ ರಕ್ಷಾ’ ವಾಸದ ಮನೆಗೆ. ಮನೆಗೆ ಅಂತ ಮಾಡಿಸಿದ ಪಾಲಿಸಿಯನ್ನು ಹಾಗೇ ಇಟ್ಟುಕೊಂಡು, ಹೋಮ್‌ಸ್ಟೇ ಶುರು ಮಾಡಿದ್ದನ್ನು ಕಂಪನಿಗೆ ತಿಳಿಸದೆ ಇದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಬರುವುದು ಹೆಚ್ಚುಕಡಿಮೆ ಖಂಡಿತ. ಅಕ್ಕ ಅದನ್ನು ಸರಿಯಾಗಿಯೇ ಮಾಡಿದ್ದರು. ಆದರೆ ಕಟ್ಟಡದ ಮೊತ್ತ ಕಮ್ಮಿ ಹಾಕಿಸಿದ್ದರು. ಪೂರ್ತಿ ಹೊಸದಾಗಿ ಕಟ್ಟಲು 50 ಲಕ್ಷ ಬೇಕು ಎಂದು ನಷ್ಟ ಅಳೆಯಲು ಬಂದ ಸರ್ವೇಯರ್ ಲೆಕ್ಕ ಹಾಕಿದರು. ಈ ಪಾಲಿಸಿಯಲ್ಲಿ ನೂರಕ್ಕೆ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಕೊರತೆ 20. ಹಾಗಾಗಿ 1,60,000ಕ್ಕೆ ಐದರಲ್ಲಿ ನಾಲ್ಕು ಪಾಲು, ಅಂದರೆ 1,28,000, ಅದರಲ್ಲೂ ಪಾಲಿಸಿಯ ಕಡಿತ ಹೋಗಿ ಉಳಿದದ್ದು ಬಂತು. ಸಾಮಾನಿನ ಮೊತ್ತ ಸರಿ ಇತ್ತು, ಅದು ತಕರಾರಿಲ್ಲದೆ ಬಂತು.

ಲ್ಯಾಪ್‌ಟಾಪಿನ ಪೂರ್ತಿ ಹಣ ‘ಸಾಮಾನು’ ಭಾಗದಿಂದ ಬರುವುದಿಲ್ಲ. ಅಲ್ಲಿ ಇರುವುದು ಮುಖ್ಯವಾಗಿ ನಿಮ್ಮ ವಸ್ತು, ಅತಿಥಿಯದ್ದಕ್ಕೆ ಸಿಗುವುದಿದ್ದರೂ ಒಂದು ಸಣ್ಣ ಮಿತಿಯವರೆಗೆ. ಹಾಗಾಗಿ ಲ್ಯಾಪ್‌ಟಾಪೂ ಮುರಿದ ಕೈಯೂ ಮೂರನೇ ಭಾಗಕ್ಕೆ ಬರುತ್ತವೆ. ಜಾಸ್ತಿ ಜನ ಎಡವುವುದು ಅಲ್ಲೇ.

ಮೂರನೇ ಭಾಗ ಅತಿಥಿಗೆ ಮಾಡಿಸಿದ ಆರೋಗ್ಯ ವಿಮೆ ಅಲ್ಲ. ದಯವಿಟ್ಟು ಇದನ್ನು ಎರಡು ಸಲ ಓದಿ. ಅತಿಥಿಗೆ ಪೆಟ್ಟಾಯಿತು ಎಂಬ ಕಾರಣಕ್ಕೆ ಅದರಿಂದ ಹಣ ಬರುವುದಿಲ್ಲ. ಆ ಪೆಟ್ಟಿಗೆ ಕಾನೂನಿನ ಪ್ರಕಾರ ನೀವು ಪರಿಹಾರ ಕೊಡಲೇಬೇಕು ಎಂದಾದರೆ ಮಾತ್ರ, ಆ ಹೊರೆಯನ್ನು ಕಂಪನಿ ಹೊರುತ್ತದೆ. ಅಂದರೆ ಮೊದಲ ಪ್ರಶ್ನೆ ಬಿಲ್ ಎಷ್ಟು ಎನ್ನುವುದಲ್ಲ, ನಿಮ್ಮ ಕಡೆಯಿಂದ ನಿರ್ಲಕ್ಷ್ಯ ಆಗಿದೆಯಾ ಎನ್ನುವುದು. ಗಟ್ಟಿಯಾಗಿದ್ದ ಮರ ಬಿರುಗಾಳಿಗೆ ಬಿದ್ದರೆ ನಿಮ್ಮ ತಪ್ಪು ಇಲ್ಲ ಎಂದಾಗಬಹುದು. ಸುಳಿ ಒಣಗಿ ಹೋಗಿದ್ದ ಮರ, ಪಕ್ಕದ ಮನೆಯವರು ಹೇಳಿದ್ದರೂ ಕಡಿಸಿರಲಿಲ್ಲ ಎಂದಾದರೆ ಕಥೆ ಬೇರೆ. ಅಕ್ಕನ ಮನೆಯ ಮರಕ್ಕೆ ಮೂರು ತಿಂಗಳಿಂದ ಸುಳಿ ಇರಲಿಲ್ಲ. ಹಿಂದಿನ ಅತಿಥಿಯೊಬ್ಬರು ಆನ್‌ಲೈನ್ ರಿವ್ಯೂನಲ್ಲಿ ಅದನ್ನೇ ಬರೆದು ಹೋಗಿದ್ದರು!

ಹಾಗಾದರೆ ಹಣ ಬರಬೇಕಿತ್ತಲ್ವಾ? ಬರುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಬಿರುಗಾಳಿ, ನೆರೆಯಂಥ ಪ್ರಕೃತಿ ವಿಕೋಪದಿಂದ ಬರುವ ಹೊಣೆಯನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ, ಬೇರೆಯೇ ಕೇಳಿ ಸೇರಿಸಿಕೊಳ್ಳಬೇಕು. ಅಕ್ಕ ಅದನ್ನೂ ಸೇರಿಸಿಕೊಂಡಿದ್ದರು. ಆದರೆ ಮರುದಿನ ಬೆಳಿಗ್ಗೆಯೇ ಆ ವಾಟ್ಸಾಪ್ ಸಾಲು ಬರೆದು, ಆಸ್ಪತ್ರೆಗೆ 1,40,000 ಕಟ್ಟಿ, ಕಂಪನಿಗೆ ತಿಳಿಸಿದ್ದು ಎಂಟು ದಿನ ಬಿಟ್ಟು.

ಪಾಲಿಸಿಯ ಷರತ್ತಿನಲ್ಲಿ ಸ್ಪಷ್ಟವಾಗಿ ಇದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು, ಹಣ ಕೊಡಬಾರದು. ಇದು ಕಲ್ಲೆದೆಯ ಷರತ್ತಲ್ಲ. ನಾಳೆ ಕೇಸು ನಡೆಸುವುದು, ವಕೀಲರನ್ನು ಇಡುವುದು, ರಾಜಿ ಮಾಡುವುದು ಕಂಪನಿಯೇ. ನೀವು ಮೊದಲೇ ಬರೆದುಕೊಟ್ಟರೆ ಅವರಿಗೆ ವಾದಿಸಲು ಏನು ಉಳಿಯುತ್ತದೆ? ಆ 1,40,000 ಅಕ್ಕನಿಗೆ ವಾಪಸ್ ಬರಲಿಲ್ಲ. ಲ್ಯಾಪ್‌ಟಾಪ್ ಮತ್ತು ಆಮೇಲೆ ಬಂದ ವಕೀಲರ ನೋಟಿಸನ್ನು ಮಾತ್ರ, ತುಂಬಾ ಪತ್ರ ಬರೆದ ಮೇಲೆ, ಕಂಪನಿ ಕೈಗೆತ್ತಿಕೊಂಡಿತು.

ಹಾಗಂತ ಗಾಯಗೊಂಡವರನ್ನು ಬಿಟ್ಟು ಪಾಲಿಸಿ ಓದುತ್ತಾ ಕೂರಿ ಎಂದು ನಾನು ಹೇಳುವುದಿಲ್ಲ. 108ಕ್ಕೆ ಫೋನ್ ಮಾಡಿ, ಜೊತೆಗೆ ಹೋಗಿ, ರಾತ್ರಿ ಆಸ್ಪತ್ರೆಯಲ್ಲಿ ಕೂತುಕೊಳ್ಳಿ, ಮನೆಯಿಂದ ಗಂಜಿ ತೆಗೆದುಕೊಂಡು ಹೋಗಿ. ಇದನ್ನು ತಡೆಯುವ ಷರತ್ತನ್ನು ನಾನು ಎಲ್ಲೂ ನೋಡಿಲ್ಲ. ಬರೆಯುವುದಿದ್ದರೆ ಹೀಗೆ ಬರೆಯಿರಿ: ‘ನಿಮಗೆ ಹೀಗಾದದ್ದು ತುಂಬಾ ಬೇಸರ. ನಾವು ವಿಮಾ ಕಂಪನಿಗೆ ತಿಳಿಸಿದ್ದೇವೆ, ಅವರು ನಿಮ್ಮನ್ನು ಸಂಪರ್ಕಿಸುತ್ತಾರೆ.’ ಬಿಲ್ ಕಟ್ಟಲೇಬೇಕು ಎನಿಸಿದರೆ ಮೊದಲು ಕಂಪನಿಗೆ ಇಮೇಲ್ ಮಾಡಿ ಒಪ್ಪಿಗೆ ಕೇಳಿ. ತಪ್ಪು ಯಾರದ್ದೇ ಇರಲಿ ಅತಿಥಿಯ ಚಿಕಿತ್ಸೆಗೆ ಹಣ ಸಿಗಬೇಕು ಅಂತಿದ್ದರೆ, ಅತಿಥಿಗಳಿಗೆ ಅಪಘಾತ ವಿಮೆ ಅಂತ ಬೇರೆಯೇ ಕೇಳಬೇಕು. ಎಲ್ಲ ಕಂಪನಿಗಳಲ್ಲೂ ಸಿಗುತ್ತದೆ ಎಂದು ಹೇಳಲಾರೆ. ನೀವು ಊಟ ಕೊಡುವವರಾದರೆ ಊಟದಿಂದಾದ ತೊಂದರೆಯೂ ಪಾಲಿಸಿಯಲ್ಲಿ ಸೇರಿದೆಯಾ ನೋಡಿಕೊಳ್ಳಿ, ಅದನ್ನೂ ಎಷ್ಟೋ ಕಡೆ ಕೇಳಿಯೇ ಹಾಕಿಸಬೇಕು.

ಇನ್ನೊಂದು ವಿಷಯ. ಅತಿಥಿ ಗ್ರಾಹಕರ ಆಯೋಗಕ್ಕೆ ಹೋದರೆ ನಿಮಗೆ ನೋಟಿಸ್ ಬರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕಿಂತ ಮೇಲೆ ಒಂದು ದಿನವೂ ಕೊಡುವ ಹಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅಂಥ ನೋಟಿಸನ್ನು ಅತಿಥಿಗಳ ರಿಜಿಸ್ಟರಿನ ಅಡಿಯಲ್ಲಿಟ್ಟು ‘ಮಳೆ ಕಮ್ಮಿಯಾಗಲಿ, ನೋಡುವ’ ಎಂದವರು ಇದ್ದಾರೆ. ಲಕೋಟೆ ಕೈಗೆ ಬಂದ ದಿನವೇ ಪ್ರತಿ ಪುಟದ ಫೋಟೋ ತೆಗೆದು ಕಂಪನಿಗೆ ಇಮೇಲ್ ಮಾಡಿ, ಲಕೋಟೆಯನ್ನೂ ಎಸೆಯಬೇಡಿ. ದಿನ ಲೆಕ್ಕ ಹಾಕುವುದು ದೂರಿನ ಪ್ರತಿಯ ಜೊತೆ ನೋಟಿಸ್ ನಿಮ್ಮ ಕೈಗೆ ಬಂದ ದಿನದಿಂದ, ಅದನ್ನು ತೋರಿಸಲು ಲಕೋಟೆಯ ಮೇಲಿನ ಅಂಚೆ ಮುದ್ರೆ ನಿಮ್ಮ ವಕೀಲರಿಗೆ ಸಹಾಯಕ್ಕೆ ಬರಬಹುದು.