ಮೂರು ನಿಮಿಷದ ವಿಡಿಯೊದಲ್ಲಿ ಒಂದು ವಚನ: ‘ಉಳ್ಳವರು ಶಿವಾಲಯವ ಮಾಡುವರು’ ಸಾಲು ಸಾಲಾಗಿ

ಬಸವಣ್ಣನವರ ಈ ವಚನದ ಅರ್ಥವನ್ನು ಮೂರು ನಿಮಿಷದ ವಿಡಿಯೊದಲ್ಲಿ ಹೇಳುವುದಕ್ಕಾಗಿ ನಾನು ಮಾಡಿಕೊಂಡ ಟಿಪ್ಪಣಿಗಳು ಇವು. ವಿಡಿಯೊದಲ್ಲಿ ಹಿಡಿಸದೆ ಉಳಿದ ವಿವರಣೆಯನ್ನೂ ಸೇರಿಸಿ, ಜೊತೆಗೆ ಓದುತ್ತಿರುವವರಿಗೆಂದು ಇಲ್ಲಿ ಬರೆದಿದ್ದೇನೆ. ಮೊದಲು ವಚನ.

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ ದೇಹವೇ ದೇಗುಲ
ಶಿರವೇ ಹೊನ್ನ ಕಲಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಸಾಲು ಸಾಲಾಗಿ ಅರ್ಥ ಹೇಳುವ ಮೊದಲು ಒಂದು ಮಾತನ್ನು ನೆನಪಿನಲ್ಲಿಡಬೇಕು. ತಾಳೆಗರಿಯಲ್ಲಿ ವಚನವನ್ನು ಗದ್ಯದಂತೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ನಾವು ಪುಟದ ಮೇಲೆ ಕಾಣುವ ಸಾಲುಗಳು ಅಚ್ಚಿನ ಕಾಲದ ಸಂಪಾದಕರು ಮಾಡಿದ ವಿಂಗಡಣೆ. ಆದ್ದರಿಂದಲೇ ಬೇರೆ ಬೇರೆ ಮುದ್ರಣಗಳಲ್ಲಿ ಸಾಲು ಮುರಿಯುವ ಜಾಗವೂ ‘ಅಯ್ಯ’, ‘ಅಯ್ಯಾ’ ಎಂಬಂಥ ಬರವಣಿಗೆಯೂ ಬದಲಾಗುವುದುಂಟು. ಪರದೆಯ ಮೇಲೆ ಒಂದೊಂದೇ ಸಾಲನ್ನು ತೋರಿಸಿ ಅಳಿಸುತ್ತ ಹೋದರೆ ಪ್ರತಿ ಸಾಲೂ ತನ್ನಷ್ಟಕ್ಕೆ ಮುಗಿದ ಹೇಳಿಕೆಯಂತೆ ಕಾಣುತ್ತದೆ. ಆದರೆ ಈ ವಚನದ ಮೊದಲ ಪದಕ್ಕೆ ಉತ್ತರ ಸಿಗುವುದು ಅದರ ಕೊನೆಯ ಪದದಲ್ಲಿ.

ಮೊದಲ ಸಾಲಿನ ‘ಉಳ್ಳವರು’ ಎಂಬುದು ‘ಉಳ್’ ಎಂಬ ಧಾತುವಿನಿಂದ ಬಂದದ್ದು. ಇರುವುದು, ಹೊಂದಿರುವುದು ಎರಡೂ ಆ ಧಾತುವಿನ ಅರ್ಥಗಳೇ. ಏನನ್ನು ಉಳ್ಳವರು ಎಂದು ವಚನ ಹೇಳುವುದಿಲ್ಲ. ಹಣವುಳ್ಳವರು ಎಂದು ನಾವು ತುಂಬಿಕೊಳ್ಳುತ್ತೇವೆ, ಅದು ಸರಿಯೇ. ಆದರೂ ಕರ್ಮಪದವಿಲ್ಲದೆ ಬರಿಯ ‘ಉಳ್ಳವರು’ ಎಂದಿರುವುದನ್ನು ಗುರುತು ಹಾಕಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ‘ಶಿವಾಲಯವ’ ಎಂಬುದು ದ್ವಿತೀಯಾ ವಿಭಕ್ತಿ, ಇಂದಿನ ‘ಶಿವಾಲಯವನ್ನು’. ‘ಮಾಡುವರು’ ಎಂದರೆ ಕಟ್ಟಿಸುತ್ತಾರೆ. ಆದರೆ ವಚನ ‘ಕಟ್ಟುವರು’ ಎನ್ನದೆ ‘ಮಾಡುವರು’ ಎಂದಿದೆ. ಅದಕ್ಕೆ ಕಾರಣ ಮುಂದಿನ ಸಾಲಿನಲ್ಲಿದೆ.

ಈ ಉಳ್ಳವರು ಬಸವಣ್ಣನವರಿಗೆ ಕಲ್ಪನೆಯ ಜನರಾಗಿರಲಿಲ್ಲ. 12ನೆಯ ಶತಮಾನದ ಕಲ್ಯಾಣದ ಸುತ್ತಲಿನ ನಾಡಿನಲ್ಲಿ ಅರಸರೂ ದಂಡನಾಯಕರೂ ಕಲ್ಲಿನ ಗುಡಿಗಳನ್ನು ಕಟ್ಟಿಸಿ, ಅವುಗಳಿಗೆ ದತ್ತಿ ಬಿಟ್ಟು, ಶಾಸನ ಹಾಕಿಸುತ್ತಿದ್ದರು. ಇಂದಿನ ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದನು. ವಿಡಿಯೊದಲ್ಲಿ ಮೊದಲ ಸಾಲಿಗೆ ಒಂದು ಚಿತ್ರ ಬೇಕೆಂದರೆ ಎಲ್ಲಿಯದೋ ಗೋಪುರವನ್ನು ತೋರಿಸುವ ಬದಲು ಈ ಗುಡಿಯನ್ನು ತೋರಿಸುವುದು ಒಳ್ಳೆಯದು. ಅದರ ಕಾಲ, ಕಟ್ಟಿಸಿದವನ ಅಂತಸ್ತು ಎರಡೂ ಆ ಸಾಲಿಗೆ ಹೊಂದುತ್ತವೆ.

ಎರಡನೆಯ ಸಾಲನ್ನು ಬಿಡಿಸಿದರೆ ‘ನಾನು ಏನ ಮಾಡುವೆ, ಬಡವನು ಅಯ್ಯಾ’ ಎಂದಾಗುತ್ತದೆ. ಉಪಶೀರ್ಷಿಕೆ ಬರೆಯುವಾಗ ಕೆಲವರು ಇದನ್ನು ‘ಬಡವನ ಅಯ್ಯಾ’ ಎಂದು ಒಡೆಯುತ್ತಾರೆ. ಆಗ ಅದು ಷಷ್ಠಿಯಾಗಿ ‘ಬಡವನ ಒಡೆಯನೇ’ ಎಂಬ ಬೇರೆಯೇ ಅರ್ಥ ಬಂದುಬಿಡುತ್ತದೆ. ‘ನಾನು ಬಡವ’ ಎಂಬ ಹೇಳಿಕೆ ಕೈತಪ್ಪಿ ಹೋಗುತ್ತದೆ. ‘ಏನ ಮಾಡುವೆ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಒಟ್ಟಿಗೆ ಇವೆ. ಅವರು ಶಿವಾಲಯವನ್ನು ಮಾಡುವರು, ನಾನು ಏನನ್ನು ಮಾಡಲಿ ಎಂಬ ನೇರ ಪ್ರಶ್ನೆ ಒಂದು. ನಾನೇನು ಮಾಡಲಾದೀತು ಎಂಬ ಕೈಚೆಲ್ಲಿದ ಮಾತು ಇನ್ನೊಂದು. ಮೊದಲ ಸಾಲಿನಲ್ಲಿ ‘ಕಟ್ಟುವರು’ ಎಂದಿದ್ದರೆ ಈ ಎರಡು ಅರ್ಥಗಳು ಹೀಗೆ ಒಟ್ಟಿಗೆ ಬರುತ್ತಿರಲಿಲ್ಲ.

ಇಲ್ಲಿ ‘ಬಡವ’ ಎಂಬುದನ್ನು ಆತ್ಮಕಥೆಯೆಂದು ಓದಬಾರದು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಅರಮನೆಯ ಬೊಕ್ಕಸ ನೋಡಿಕೊಂಡವರು ಕೈಯಲ್ಲಿ ಕಾಸಿಲ್ಲವೆಂದು ಹೇಳಿಕೊಳ್ಳುತ್ತಿದ್ದಾರೆ ಎಂದು ವಿವರಿಸಿದರೆ ವಚನ ತೀರ ಸಣ್ಣದಾಗುತ್ತದೆ. ಉಳ್ಳವರ ಸಾಲಿನಲ್ಲಿ ನಿಲ್ಲಬಹುದಾದ ವ್ಯಕ್ತಿ ತಾನಾಗಿ ಈಚೆಯ ಸಾಲಿಗೆ ಬಂದು ನಿಂತಿದ್ದಾರೆ ಎಂದು ನಾನು ಓದುತ್ತೇನೆ.

ಮೂರನೆಯ ಮತ್ತು ನಾಲ್ಕನೆಯ ಸಾಲುಗಳನ್ನು ಒಟ್ಟಿಗೆ ನೋಡಬೇಕು. ‘ಎನ್ನ’ ಎಂದರೆ ‘ನನ್ನ’. ‘ಕಾಲೇ’, ‘ದೇಹವೇ’, ‘ಶಿರವೇ’ ಎಂಬಲ್ಲಿರುವ ಏಕಾರ ಅವಧಾರಣೆಯದು. ಕಾಲು ಕಂಬದಂತೆ ಇದೆ ಎಂದು ವಚನ ಹೇಳುತ್ತಿಲ್ಲ, ಕಾಲೇ ಕಂಬ ಎನ್ನುತ್ತಿದೆ. ಆದ್ದರಿಂದ ಇದು ಉಪಮೆಯಲ್ಲ, ರೂಪಕ. ‘ಅಂತೆ’, ‘ಹಾಗೆ’ ಎಂಬ ಪದಗಳನ್ನು ಅರ್ಥ ಹೇಳುವಾಗಲೂ ಸೇರಿಸದಿರುವುದು ಒಳ್ಳೆಯದು. ‘ದೇಗುಲ’ವು ‘ದೇವಕುಲ’ ಎಂಬ ಸಂಸ್ಕೃತ ಪದದ ತದ್ಭವ. ‘ಹೊನ್ನ’ ಎಂದರೆ ಹೊನ್ನಿನ, ಚಿನ್ನದ. ಇದು ಹಳಗನ್ನಡದ ‘ಪೊನ್’, ಪಕಾರ ಹಕಾರವಾಗಿದೆ. ‘ಕಲಶವಯ್ಯಾ’ ಎಂಬಲ್ಲಿ ಹೊಸಬರು ಎಡವುತ್ತಾರೆ. ಮೊದಲ ಸಾಲಿನ ‘ಶಿವಾಲಯವ’ ದ್ವಿತೀಯೆಯಾದುದರಿಂದ ‘ಕಲಶವ’ ಎಂಬುದನ್ನೂ ‘ಕಲಶವನ್ನು’ ಎಂದು ಓದಿ, ಆಮೇಲೆ ಅದಕ್ಕೆ ಒಂದು ಕ್ರಿಯಾಪದವನ್ನು ಹುಡುಕುತ್ತಾರೆ. ಇಲ್ಲಿ ಇರುವುದು ‘ಕಲಶ’ ಮತ್ತು ‘ಅಯ್ಯಾ’ ಮಾತ್ರ. ನಡುವೆ ಬಂದ ವಕಾರ ಸಂಧಿಯ ಆಗಮ.

ಕ್ರಿಯಾಪದ ಹುಡುಕಿದರೆ ಸಿಗುವುದೂ ಇಲ್ಲ. ಮೊದಲ ಎರಡು ಸಾಲುಗಳಲ್ಲಿ ‘ಮಾಡುವರು’, ‘ಮಾಡುವೆ’ ಎಂದು ಎರಡು ಸಲ ಬಂದ ‘ಮಾಡು’ ಇಲ್ಲಿ ಮಾಯವಾಗಿದೆ. ‘ಕಾಲನ್ನು ಕಂಬ ಮಾಡುವೆ’ ಎಂದು ಹೇಳಬಹುದಿತ್ತು, ಹೇಳಿಲ್ಲ. ಕಾಲು ಕಂಬ, ದೇಹ ದೇಗುಲ ಎಂದು ಎರಡು ನಾಮಪದಗಳನ್ನು ಪಕ್ಕಪಕ್ಕ ಇಟ್ಟರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಗುತ್ತದೆ. ಏನ ಮಾಡುವೆ ಎಂಬ ಪ್ರಶ್ನೆಗೆ ಬಂದ ಉತ್ತರದಲ್ಲಿ ಮಾಡುವ ಕೆಲಸವೇ ಇಲ್ಲ, ಇರುವಿಕೆ ಮಾತ್ರ ಇದೆ. ವಿಡಿಯೊದ ಅರ್ಥವಿವರಣೆಯಲ್ಲಿ ‘ನನ್ನ ದೇಹವನ್ನೇ ದೇವಾಲಯವನ್ನಾಗಿ ಮಾಡುತ್ತೇನೆ’ ಎಂಬ ವಾಕ್ಯವನ್ನು ಬಹಳ ಕಡೆ ಕೇಳಿದ್ದೇನೆ. ಕಿವಿಗೆ ಅದು ಸರಿಯಾಗಿಯೇ ಕೇಳುತ್ತದೆ, ಆದರೆ ವಚನ ತೆಗೆದುಹಾಕಿದ ಪದವನ್ನೇ ಅದು ಮತ್ತೆ ಒಳಗೆ ತರುತ್ತದೆ.

ಈ ರೂಪಕದ ಹಿಂದೆ ವಾಸ್ತುಶಿಲ್ಪದ ಪರಿಭಾಷೆಯೂ ಇದೆ. ದ್ರಾವಿಡ ದೇವಾಲಯದ ಭಾಗಗಳನ್ನು ಕೆಳಗಿನಿಂದ ಮೇಲಕ್ಕೆ ಹೆಸರಿಸುವಾಗ ಕಂಬ ಮತ್ತು ಗೋಡೆಯ ಎತ್ತರಕ್ಕೆ ‘ಪಾದ’ ಎನ್ನುತ್ತಾರೆ, ಶಿಖರದ ಕೆಳಗಿನ ಕಿರಿದಾದ ಭಾಗಕ್ಕೆ ‘ಗ್ರೀವ’, ಅಂದರೆ ಕೊರಳು ಎನ್ನುತ್ತಾರೆ, ದೇವರಿರುವ ಜಾಗ ‘ಗರ್ಭ’ಗೃಹ. ಶಿಲ್ಪಿಗಳು ಗುಡಿಗೆ ಮನುಷ್ಯನ ಮೈಯಿಂದ ಹೆಸರುಗಳನ್ನು ತಂದಿದ್ದರು. ವಚನ ಆ ಹೆಸರುಗಳನ್ನು ಮೈಗೆ ಮರಳಿಸುತ್ತದೆ. ಕಾಲು, ದೇಹ, ಶಿರ ಎಂಬ ಕ್ರಮವೂ ಗುಡಿ ಕಟ್ಟುವ ಕ್ರಮವೇ, ಕಲಶವಿಡುವುದು ಎಲ್ಲಕ್ಕಿಂತ ಕೊನೆಗೆ. ವಿಡಿಯೊದಲ್ಲಿ ರೇಖಾಚಿತ್ರ ಬಿಡಿಸುವುದಾದರೆ ಕೆಳಗಿನಿಂದ ಮೇಲಕ್ಕೇ ಬಿಡಿಸಬೇಕು. ಚಿನ್ನವೂ ಉಳ್ಳವರ ಸಾಲಿನಲ್ಲಿ ಬಂದಿಲ್ಲ, ಬಡವನ ತಲೆಯ ಮೇಲೆ ಬಂದಿದೆ.

ಐದನೆಯ ಸಾಲನ್ನು ‘ಇದು ಕವಿಯ ಅಂಕಿತ’ ಎಂದು ಹೇಳಿ ದಾಟಿಬಿಡುವುದು ವಾಡಿಕೆ. ಅಂಕಿತವೆಂಬುದು ನಿಜ, ಆದರೆ ಅದು ಬಸವಣ್ಣನವರ ಹೆಸರಲ್ಲ, ಅವರ ದೇವರ ಹೆಸರು. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ದೇವರು. ‘ಕೂಡಲ’ ಎಂಬ ಕನ್ನಡವೂ ‘ಸಂಗಮ’ ಎಂಬ ಸಂಸ್ಕೃತವೂ ಒಂದೇ ಅರ್ಥ ಹೇಳುತ್ತವೆ. ‘ಕೇಳಯ್ಯಾ’ ಎಂಬ ಮಾತಿನಿಂದ ವಾಕ್ಯದ ದಿಕ್ಕು ಬದಲಾಗುತ್ತದೆ. ಇದುವರೆಗೆ ತನ್ನನ್ನು ಕುರಿತು ಹೇಳಿಕೊಳ್ಳುತ್ತಿದ್ದವರು ಈಗ ಒಂದು ನಿರ್ಣಯವನ್ನು ದೇವರಿಗೇ ಕೇಳಿಸುತ್ತಿದ್ದಾರೆ. ಓದುವವರು ಇಲ್ಲಿ ಒಂದು ಉಸಿರು ನಿಲ್ಲಬೇಕು.

ಕೊನೆಯ ಸಾಲನ್ನು ‘ಸ್ಥಾವರಕ್ಕೆ ಅಳಿವು ಉಂಟು, ಜಂಗಮಕ್ಕೆ ಅಳಿವು ಇಲ್ಲ’ ಎಂದು ಬಿಡಿಸಬೇಕು. ಎಲ್ಲವೂ ಲೋಪಸಂಧಿಗಳು. ಸ್ಥಾವರವೆಂದರೆ ನಿಂತದ್ದು: ಗುಡಿ, ಗುಡಿಯೊಳಗೆ ನೆಟ್ಟ ಲಿಂಗ, ಕದಲದ ಆಸ್ತಿ. ಜಂಗಮವೆಂದರೆ ಚಲಿಸುವುದು, ಶರಣರ ಬಳಕೆಯಲ್ಲಿ ಊರೂರು ತಿರುಗುವ ವಿರಕ್ತನೂ ಹೌದು. ಇಲ್ಲಿ ಎದುರಾಗುವ ಪ್ರಶ್ನೆಯನ್ನು ವಿಡಿಯೊ ತಪ್ಪಿಸಿಕೊಳ್ಳಬಾರದು. ದೇಹವೂ ಅಳಿಯುತ್ತದಲ್ಲವೇ? ಇಟಗಿಯ ಗುಡಿ 900 ವರ್ಷ ದಾಟಿ ನಿಂತಿದೆ, ಅದನ್ನು ಕಂಡ ದೇಹಗಳೊಂದೂ ಉಳಿದಿಲ್ಲ. ಹಾಗಾದರೆ ‘ಜಂಗಮ’ವನ್ನು ‘ದೇಹ’ ಎಂದು ಅನುವಾದಿಸುವುದು ತಪ್ಪು. ದೇಹ ದೇಗುಲವಾಗುವುದು ಅದರಲ್ಲಿ ಚೈತನ್ಯ ಚಲಿಸುತ್ತಿರುವವರೆಗೆ. ಆ ಚಲನೆ ಒಂದು ಮೈಯಿಂದ ಇನ್ನೊಂದಕ್ಕೆ, ಒಬ್ಬ ಶರಣನಿಂದ ಇನ್ನೊಬ್ಬನಿಗೆ ಸಾಗುತ್ತದೆ. ಅಳಿವಿಲ್ಲದ್ದು ಅದು. ಮೈಯನ್ನೇ ಶಾಶ್ವತವೆಂದು ಹಿಡಿದುಕೊಂಡರೆ ಅದೂ ಇನ್ನೊಂದು ಸ್ಥಾವರವಾದೀತು. ‘ಜಂಗಮ’ವನ್ನು ವಿರಕ್ತನೆಂದೇ ಓದುವವರಿಗೂ ಆಧಾರವಿದೆ, ಆದರೆ ಹಾಗೆ ಓದಿದರೆ ಮೂರು ಮತ್ತು ನಾಲ್ಕನೆಯ ಸಾಲುಗಳು ಇದಕ್ಕೆ ಸಡಿಲವಾಗಿ ಅಂಟಿಕೊಳ್ಳುತ್ತವೆ.

ಈಗ ಮೊದಲ ಪದಕ್ಕೆ ಹಿಂತಿರುಗಿ. ‘ಉಂಟು’ ಎಂಬುದೂ ‘ಉಳ್’ ಧಾತುವಿನದೇ. ಕನ್ನಡದಲ್ಲಿ ಚತುರ್ಥಿಯೊಡನೆ ‘ಉಂಟು’ ಬಂದರೆ ಒಡೆತನದ ಅರ್ಥ: ‘ಅವನಿಗೆ ಹೊಲ ಉಂಟು’ ಎನ್ನುವ ಹಾಗೆಯೇ ‘ಸ್ಥಾವರಕ್ಕೆ ಅಳಿವು ಉಂಟು’. ಏನನ್ನು ಉಳ್ಳವರು ಎಂದು ಹೇಳದೆ ಬಿಟ್ಟಿದ್ದ ವಚನ, ಅವರು ಮಾಡಿದ ವಸ್ತುವಿಗೆ ಉಂಟಾಗಿರುವುದು ಏನೆಂಬುದನ್ನು ಇಲ್ಲಿ ಹೇಳುತ್ತದೆ. ಉಳ್ಳವರ ಎದುರಿಗೆ ಇರುವವರು ಇಲ್ಲದವರು. ವಚನ ಮುಗಿಯುವುದೂ ‘ಇಲ್ಲ’ ಎಂಬ ಪದದಲ್ಲೇ, ಆದರೆ ಆ ಇಲ್ಲದಿರುವಿಕೆ ಅಳಿವಿನದು.

ಈ ಕಾರಣಕ್ಕಾಗಿ ಆರು ಸಾಲುಗಳಿಗೆ ಅರ್ಧರ್ಧ ನಿಮಿಷ ಹಂಚುವುದನ್ನು ನಾನು ಕೈಬಿಟ್ಟೆ. ಮೊದಲ ಎರಡು ಸಾಲುಗಳಿಗೆ ನಲವತ್ತು ಸೆಕೆಂಡು, ಮುಂದಿನ ಎರಡಕ್ಕೆ ಐವತ್ತು, ಅಂಕಿತಕ್ಕೆ ಹದಿನೈದು, ಉಳಿದದ್ದೆಲ್ಲ ಕೊನೆಯ ಸಾಲಿಗೆ. ಕೊನೆಯ ಸಾಲನ್ನು ವಿವರಿಸುವಾಗ ಮೊದಲ ಸಾಲನ್ನು ಪರದೆಯ ಮೇಲ್ಭಾಗಕ್ಕೆ ಮತ್ತೆ ತಂದು, ‘ಉಳ್ಳವರು’, ‘ಉಂಟು’ ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಬೇಕು.