‘ಅಂಡರ್ 15’ ಎಂದರೆ ಯಾವ ದಿನಕ್ಕೆ ಹದಿನೈದು?

ಪ್ರಶ್ನೆ: ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ, 2026ರ ಜನವರಿ 24 ಮತ್ತು 25ರಂದು, ವಿಜಯಪುರದ ನಮ್ಮ ಬ್ಯಾಡ್ಮಿಂಟನ್ ಕ್ಲಬ್ಬಿನಿಂದ ಪಂದ್ಯಾವಳಿ ಇಟ್ಟುಕೊಂಡಿದ್ದೆವು. ಪೋಸ್ಟರಿನ ಜೊತೆಗಿನ ಬರಹದಲ್ಲಿ ‘ಅಂಡರ್ 13, ಅಂಡರ್ 15, ಓಪನ್, 35+’ ಎಂದು ವಿಭಾಗಗಳನ್ನೂ, ಶುಲ್ಕವನ್ನೂ, ಕೊನೆಯ ದಿನವನ್ನೂ ಹಾಕಿದ್ದೆವು. ಆದರೂ ‘ನಮ್ಮ ಹುಡುಗ ಆಡಬಹುದೇ’ ಎಂಬ ಫೋನುಗಳು ನಿಲ್ಲಲಿಲ್ಲ. ಪಂದ್ಯದ ದಿನ ಬೆಳಿಗ್ಗೆ, ಮಗನನ್ನು ಅಂಡರ್ 15ರಲ್ಲಿ ಆಡಿಸಲಿಲ್ಲವೆಂದು ಒಬ್ಬ ತಂದೆ ನಮ್ಮ ಟೇಬಲ್ಲಿನ ಮುಂದೆ ಜಗಳವನ್ನೂ ಆಡಿದರು. ಅಂಡರ್ 15 ಎಂದರೆ 15 ತುಂಬಿರಬಾರದು ಎಂದಷ್ಟೇ ಅಲ್ಲವೇ? ಮುಂದಿನ ಸಲ ಹೇಗೆ ಬರೆಯಬೇಕು?

ಉತ್ತರ: 15 ತುಂಬಿರಬಾರದು ಎಂಬುದು ಸರಿ, ಆದರೆ ಯಾವ ದಿನಕ್ಕೆ ತುಂಬಿರಬಾರದು ಎಂಬುದನ್ನು ನೀವು ಬರೆದಿಲ್ಲ. ನಿಮಗೆ ಬಂದ ಫೋನುಗಳೆಲ್ಲ ಆ ಬಿಟ್ಟುಹೋದ ದಿನಾಂಕವನ್ನೇ ಕೇಳುತ್ತಿದ್ದವು. ವಯಸ್ಸನ್ನು ಎಣಿಸುವ ಮೂರು ಪದ್ಧತಿಗಳು ಚಾಲ್ತಿಯಲ್ಲಿದ್ದು, ಪಾಲಕರು ತಮ್ಮ ಮಗು ಮೊದಲು ಯಾವ ಆಟದಲ್ಲಿ ಹೆಸರು ಕೊಟ್ಟಿತ್ತೋ ಆ ಆಟದ ಪದ್ಧತಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಾರೆ.

ಮೊದಲನೆಯದು ಪಂದ್ಯಾವಳಿ ಆರಂಭವಾಗುವ ದಿನದ ವಯಸ್ಸು. ಮನೆಯಲ್ಲಿ ಎಲ್ಲರೂ ಎಣಿಸುವುದು ಹೀಗೆಯೇ. ಎರಡನೆಯದು ಆ ವರ್ಷದ ಜನವರಿ 1ಕ್ಕೆ ಇರುವ ವಯಸ್ಸು. ಚೆಸ್‌ನ ವಿಶ್ವ ಸಂಸ್ಥೆಯಾದ ಫಿಡೆ ಇದನ್ನು ಅನುಸರಿಸುತ್ತದೆ. ಮೂರನೆಯದು ಆ ವರ್ಷ ಮುಗಿಯುವುದರೊಳಗೆ, ಅಂದರೆ ಡಿಸೆಂಬರ್ 31ರ ಹೊತ್ತಿಗೆ, ಎಷ್ಟು ತುಂಬುತ್ತದೆ ಎಂಬ ಲೆಕ್ಕ. ಅಥ್ಲೆಟಿಕ್ಸ್‌ನ 18ರೊಳಗಿನ ಮತ್ತು 20ರೊಳಗಿನ ವಿಭಾಗಗಳು ಈ ಲೆಕ್ಕದವು, ಬ್ಯಾಡ್ಮಿಂಟನ್ ಕೂಡ ಇದರದೇ. 2025ರ ಅಕ್ಟೋಬರಿನಲ್ಲಿ ಗುವಾಹಟಿಯಲ್ಲಿ ನಡೆದ ಬ್ಯಾಡ್ಮಿಂಟನ್ ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್ 19ರೊಳಗಿನವರದಾಗಿತ್ತು ಮತ್ತು ಅದರಲ್ಲಿ 2007ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗಷ್ಟೇ ಪ್ರವೇಶವಿತ್ತು. ಅದೇ ವರ್ಷ ಚೆಸ್‌ನಲ್ಲಿ 2007ರವರು ಆಡುತ್ತಿದ್ದುದು 18ರೊಳಗಿನ ವಿಭಾಗದಲ್ಲಿ. ಹುಟ್ಟಿದ ವರ್ಷ ಒಂದೇ ಆಗಿದ್ದರೂ ಒಂದು ಆಟದ 19 ಇನ್ನೊಂದು ಆಟದಲ್ಲಿ 18 ಆಗುತ್ತದೆ. ಚೆಸ್ ಆಡುವ ಅಣ್ಣನೂ ಬ್ಯಾಡ್ಮಿಂಟನ್ ಆಡುವ ತಮ್ಮನೂ ಇರುವ ಮನೆಯವರು ಗೊಂದಲಕ್ಕೆ ಬಿದ್ದರೆ ತಪ್ಪು ಅವರದಲ್ಲ.

ನಿಮ್ಮ ಪಂದ್ಯಾವಳಿಯನ್ನೇ ಹಿಡಿದು ಇಬ್ಬರು ಹುಡುಗರನ್ನು ಈ ಮೂರು ಪದ್ಧತಿಗಳಲ್ಲಿ ಅಳೆದು ನೋಡೋಣ. ಮೊದಲನೆಯವನು 2011ರ ಮಾರ್ಚ್ 10ರಂದು ಹುಟ್ಟಿದವನು. ಜನವರಿ 24ಕ್ಕೆ ಅವನಿಗೆ 14 ವರ್ಷ 10 ತಿಂಗಳು, ಆದ್ದರಿಂದ ಪಂದ್ಯದ ದಿನದ ಲೆಕ್ಕದಲ್ಲೂ ಜನವರಿ 1ರ ಲೆಕ್ಕದಲ್ಲೂ ಅವನು ಅಂಡರ್ 15 ಆಡಬಹುದು; ಡಿಸೆಂಬರ್ 31ರ ಲೆಕ್ಕ ಹಿಡಿದರೆ ಮಾತ್ರ ಆಡುವಂತಿಲ್ಲ, ಏಕೆಂದರೆ ಆ ವರ್ಷದಲ್ಲೇ ಅವನಿಗೆ 15 ತುಂಬುತ್ತದೆ. ಎರಡನೆಯವನು 2011ರ ಜನವರಿ 5ರಂದು ಹುಟ್ಟಿದವನು. ಪಂದ್ಯದ ದಿನಕ್ಕೆ ಅವನಿಗೆ 15 ತುಂಬಿ ಹತ್ತೊಂಬತ್ತು ದಿನಗಳಾಗಿರುವುದರಿಂದ ಮೊದಲ ಪದ್ಧತಿಯಲ್ಲಿ ಹೊರಗೆ, ಜನವರಿ 1ಕ್ಕೆ 14 ಇದ್ದುದರಿಂದ ಎರಡನೆಯದರಲ್ಲಿ ಒಳಗೆ, ಮೂರನೆಯದರಲ್ಲಿ ಮತ್ತೆ ಹೊರಗೆ. ನಿಮ್ಮ ಟೇಬಲ್ಲಿನ ಮುಂದೆ ನಿಂತು “ನಮ್ಮ ಹುಡುಗಗ ಹದಿನೈದ ಇನ್ನಾ ತುಂಬಿಲ್ಲರೀ, ಮತ್ತ ಯಾಕ ಬ್ಯಾಡ ಅಂತೀರಿ?” ಎಂದು ಕೇಳಿದ ತಂದೆ ಬಹುಶಃ ಮೊದಲ ಹುಡುಗನ ತಂದೆಯೇ ಇರಬೇಕು. ನೀವು ಬರೆದಿದ್ದ ಮಾತಿನ ಪ್ರಕಾರ ಅವರ ವಾದದಲ್ಲಿ ತಪ್ಪಿರಲಿಲ್ಲ.

ಜನವರಿಯ ಪಂದ್ಯಾವಳಿಗೆ ಇನ್ನೊಂದು ತೊಡಕೂ ಇದೆ. ಬರಹ ಹೊರಬೀಳುವುದು ಡಿಸೆಂಬರಿನಲ್ಲಿ, ಆಟ ನಡೆಯುವುದು ಹೊಸ ವರ್ಷದಲ್ಲಿ. ಡಿಸೆಂಬರಿನವರೆಗೆ ಅಂಡರ್ 15 ಆಡುತ್ತಿದ್ದ 2011ರ ಮಕ್ಕಳೆಲ್ಲ ಬ್ಯಾಡ್ಮಿಂಟನ್ ಲೆಕ್ಕದಲ್ಲಿ ಜನವರಿ 1ರ ಬೆಳಗಾಗುತ್ತಿದ್ದಂತೆ ಒಟ್ಟಿಗೆ ಅಂಡರ್ 17ಕ್ಕೆ ಹೋಗುತ್ತಾರೆ, ಮತ್ತು ನಿಮ್ಮಲ್ಲಿ ಅಂಡರ್ 17 ವಿಭಾಗವೇ ಇರಲಿಲ್ಲ! ಹೀಗಾಗಿ ಆ ಮಕ್ಕಳಿಗೆ ದೊಡ್ಡವರ ಓಪನ್ ಬಿಟ್ಟರೆ ಬೇರೆ ಜಾಗ ಉಳಿಯಲಿಲ್ಲ. ಜನವರಿ, ಫೆಬ್ರುವರಿಯಲ್ಲಿ ಪಂದ್ಯ ಇಡುವ ಕ್ಲಬ್ಬುಗಳು ಅಂಡರ್ 17ನ್ನು ಸೇರಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಹೆಸರು ಕೊಡುವವರು ಆರೇ ಮಂದಿ ಆದರೂ ಸರಿ.

ಇದಕ್ಕೆ ಪರಿಹಾರವೆಂದರೆ ವಯಸ್ಸಿನ ಜೊತೆಗೆ ಹುಟ್ಟಿದ ದಿನಾಂಕವನ್ನೂ ಬರೆಯುವುದು. ಬ್ಯಾಡ್ಮಿಂಟನ್ ಪದ್ಧತಿಯಲ್ಲಿ ಆ ವರ್ಷವನ್ನು ತೆಗೆಯುವುದು ಸುಲಭ: ಆಟ ನಡೆಯುವ ವರ್ಷದಿಂದ ವಿಭಾಗದ ಅಂಕಿಯನ್ನು ಕಳೆದು ಒಂದು ಕೂಡಿಸಬೇಕು. 2026ರಲ್ಲಿ 15 ಕಳೆದರೆ 2011, ಒಂದು ಕೂಡಿಸಿದರೆ 2012. ಆದ್ದರಿಂದ 2012ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು. ಅಂಡರ್ 13ಕ್ಕೆ ಇದೇ ರೀತಿ 2014, ಅಂಡರ್ 17ಕ್ಕೆ 2010. ನಿಮ್ಮದು ಊರಿನ ಪಂದ್ಯಾವಳಿಯಾದ್ದರಿಂದ ಬೇರೆ ಪದ್ಧತಿ ಹಿಡಿಯುವ ಸ್ವಾತಂತ್ರ್ಯವೂ ನಿಮಗಿದೆ, ಆದರೆ ಯಾವುದನ್ನು ಹಿಡಿದರೂ ದಿನಾಂಕ ಬರಹದಲ್ಲಿರಬೇಕು. ‘ಅಥವಾ ಆನಂತರ’ ಎಂಬ ಎರಡು ಪದಗಳನ್ನು ಬಿಡಬೇಡಿ. ಅವನ್ನು ಬಿಟ್ಟು ‘2012’ ಎಂದಷ್ಟೇ ಹಾಕಿದರೆ 2013ರ ಮಗುವಿನ ತಾಯಿ ನಿಮಗೆ ಫೋನ್ ಮಾಡುತ್ತಾರೆ. 35+ ವಿಭಾಗಕ್ಕೆ ಇದು ತಿರುಗುಮುರುಗು: ಅಲ್ಲಿ ‘ಅಥವಾ ಅದಕ್ಕಿಂತ ಮೊದಲು’ ಎಂದು ಬರಬೇಕು, ಮತ್ತು ಡಬಲ್ಸ್ ಆಗಿದ್ದರೆ ಇಬ್ಬರಿಗೂ 35 ಆಗಿರಬೇಕೇ, ಒಬ್ಬರಿಗೆ ಆದರೆ ಸಾಕೇ ಎಂಬುದನ್ನು ಹೇಳಬೇಕು.

ದಿನಾಂಕ ಬರೆದ ಮೇಲೆ ಅದಕ್ಕೆ ದಾಖಲೆ ಯಾವುದು ಎಂಬ ಪ್ರಶ್ನೆ ಬರುತ್ತದೆ. ಹೆಚ್ಚಿನ ಕ್ಲಬ್ಬುಗಳು ‘ಆಧಾರ್ ಕಡ್ಡಾಯ’ ಎಂದು ಹಾಕಿ ಸುಮ್ಮನಾಗುತ್ತವೆ. ಆಧಾರ್ ಗುರುತಿಗೆ ಸರಿ, ವಯಸ್ಸಿಗೆ ಸಾಲದು. ವಯಸ್ಸನ್ನು ನಿರ್ಧರಿಸಲು ಆಧಾರ್ ತಕ್ಕ ದಾಖಲೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದೆ. ಜನನ ಪ್ರಮಾಣಪತ್ರವನ್ನೇ ಕೇಳಿ, ಮತ್ತು ಅದರಲ್ಲಿ ಹುಟ್ಟಿದ ದಿನಾಂಕದ ಜೊತೆಗೆ ನೋಂದಣಿಯ ದಿನಾಂಕವನ್ನೂ ನೋಡಿ. ಜನನವನ್ನು 21 ದಿನಗಳೊಳಗೆ ತಿಳಿಸಬೇಕೆಂಬುದು ಕಾನೂನು, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಹುಟ್ಟಿದ್ದು 2012, ನೋಂದಣಿಯಾದದ್ದು 2021 ಎಂದಿದ್ದರೆ ಅದು ಸುಳ್ಳೆಂದು ಅರ್ಥವಲ್ಲ, ಶಾಲೆಯ ದಾಖಲೆಯನ್ನೂ ಕೇಳಿ ಹೋಲಿಸಿ ನೋಡಬೇಕೆಂದಷ್ಟೇ ಅರ್ಥ. ನಮ್ಮ ಕಡೆಯ ಹಿರಿಯರಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಇದ್ದಾರೆಂಬುದು ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. 35+ ವಿಭಾಗದ ಅರ್ಜಿಗಳಲ್ಲಿ ಈ ತಾರೀಖು ಸಾಲುಸಾಲಾಗಿ ಬಂದರೆ ಅನುಮಾನಪಡಬೇಡಿ.

ಶುಲ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಾವಿಯ ಒಂದು ಪಂದ್ಯಾವಳಿಯಲ್ಲಿ ‘ಡಬಲ್ಸ್ 500’ ಎಂದು ಓದಿ ನಾನೂ ನನ್ನ ಜೊತೆಗಾರನೂ ತಲಾ 500 ಕಟ್ಟಿದ್ದೆವು, ಮರಳಿ ಪಡೆಯಲು ಎರಡು ವಾರ ಬೇಕಾಯಿತು. ‘ಜೋಡಿಗೆ’ ಎಂಬ ಒಂದು ಪದವಿದ್ದಿದ್ದರೆ ಅಷ್ಟೇ ಸಾಕಿತ್ತು. ಹಣ ಬರುವುದು ತಂದೆಯ ಫೋನಿನಿಂದ, ಆಡುವವನು ಮಗ. ಆದ್ದರಿಂದ ಯುಪಿಐ ಮೂಲಕ ಕಟ್ಟಿದವರು 12 ಅಂಕಿಗಳ ವಹಿವಾಟು ಸಂಖ್ಯೆಯನ್ನು ಆಟಗಾರನ ಹೆಸರಿನೊಂದಿಗೆ ಕಳಿಸಬೇಕೆಂದು ಬರೆಯಿರಿ.

ಕೊನೆಯ ದಿನಕ್ಕೆ ಗಂಟೆಯೂ ಇರಲಿ, ಆಮೇಲೆ ಬಂದ ಹೆಸರುಗಳನ್ನು ಏಕೆ ತೆಗೆದುಕೊಳ್ಳುವುದಿಲ್ಲವೆಂಬುದು ನಿಮ್ಮವರಿಗೂ ಗೊತ್ತಿರಲಿ. ಒಂದು ವಿಭಾಗದಲ್ಲಿ 16 ಮಂದಿ ಇದ್ದರೆ ಯಾರ ಎದುರು ಯಾರು ಎಂಬ ಡ್ರಾ ಪಟ್ಟಿ ತುಂಬಿದಂತೆ: ಮೊದಲ ಸುತ್ತಿನಲ್ಲಿ ಎಂಟು ಪಂದ್ಯ, ಒಟ್ಟು ಹದಿನೈದು. ರಾತ್ರಿ ಪರಿಚಯದವರೊಬ್ಬರು ಫೋನ್ ಮಾಡಿ ಹದಿನೇಳನೆಯ ಹೆಸರನ್ನು ಸೇರಿಸಿದರೆ ಪಂದ್ಯ ಹೆಚ್ಚುವುದು ಒಂದೇ, ಆದರೆ ಡ್ರಾ 32ರ ಹಾಳೆಗೆ ಏರಿ ಹದಿನೈದು ಮಂದಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ, ಕೊಡಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಆಡಬೇಕಾದ ಆ ಇಬ್ಬರು ಯಾರು ಎಂಬಲ್ಲಿಂದ ಹೊಸ ಜಗಳ ಹುಟ್ಟುತ್ತದೆ. ಡ್ರಾ ಹೊರಬಿದ್ದ ಮೇಲಂತೂ ಅದನ್ನು ಮುಟ್ಟಲೇಬಾರದು.

ಇಷ್ಟನ್ನೂ ಹಿಡಿದುಕೊಂಡು ನಿಮ್ಮ ಜನವರಿಯ ಬರಹವನ್ನೇ ತಿದ್ದಿದರೆ ಹೀಗೆ ಆಗುತ್ತದೆ:

“ಬ್ಯಾಡ್ಮಿಂಟನ್ ಪಂದ್ಯಾವಳಿ, ವಿಜಯಪುರ, 2026ರ ಜನವರಿ 24 ಮತ್ತು 25. ಹೆಸರು ಕೊಡಲು ಕೊನೆಯ ದಿನ ಜನವರಿ 18, ಭಾನುವಾರ, ಸಂಜೆ 6 ಗಂಟೆ. ಬಾಲಕ ಬಾಲಕಿಯರ ಸಿಂಗಲ್ಸ್: ಅಂಡರ್ 13 (1-1-2014ರಂದು ಅಥವಾ ಆನಂತರ ಹುಟ್ಟಿದವರು), ಅಂಡರ್ 15 (1-1-2012ರಂದು ಅಥವಾ ಆನಂತರ), ಅಂಡರ್ 17 (1-1-2010ರಂದು ಅಥವಾ ಆನಂತರ). ಪುರುಷರ ಓಪನ್ ಡಬಲ್ಸ್. ಪುರುಷರ 35+ ಡಬಲ್ಸ್ (ಇಬ್ಬರೂ 24-1-1991ರಂದು ಅಥವಾ ಅದಕ್ಕಿಂತ ಮೊದಲು ಹುಟ್ಟಿದವರಾಗಿರಬೇಕು). ಚಿಕ್ಕ ವಿಭಾಗದವರು ಮೇಲಿನ ವಿಭಾಗದಲ್ಲಿ ಆಡಬಹುದು. ಒಬ್ಬರಿಗೆ ಎರಡು ವಿಭಾಗ ಮಾತ್ರ. ಶುಲ್ಕ: ಸಿಂಗಲ್ಸ್ 300 ರೂ., ಡಬಲ್ಸ್ ಜೋಡಿಗೆ 500 ರೂ. ವಯೋಮಿತಿಯ ವಿಭಾಗಗಳಿಗೆ ಜನನ ಪ್ರಮಾಣಪತ್ರ ಅಥವಾ ಶಾಲಾ ದಾಖಲೆ ಅಗತ್ಯ. ಹೆಸರು ಕರೆದ 10 ನಿಮಿಷಗಳೊಳಗೆ ಅಂಕಣಕ್ಕೆ ಬಾರದವರ ಎದುರಾಳಿಗೆ ವಾಕ್‌ಓವರ್. ಡ್ರಾ ಜನವರಿ 21ರಂದು. ಆನಂತರ ಹೆಸರು ಸೇರಿಸುವುದಿಲ್ಲ, ಶುಲ್ಕ ಮರಳಿಸುವುದಿಲ್ಲ.”

ಇಲ್ಲಿ ಕೊನೆಯ ದಿನವನ್ನು ಎರಡನೆಯ ವಾಕ್ಯಕ್ಕೇ ತಂದದ್ದು ಬೇಕೆಂದೇ. ಇನ್‌ಸ್ಟಾಗ್ರಾಮ್ ಮೊದಲ ಒಂದೆರಡು ಸಾಲುಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ, ‘ಕ್ರೀಡಾಭಿಮಾನಿಗಳೇ’ ಎಂದು ಆರಂಭಿಸಿದರೆ ಆ ಸಾಲುಗಳು ಸಂಬೋಧನೆಯಲ್ಲೇ ಕಳೆದುಹೋಗುತ್ತವೆ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಗುಂಪಿನಿಂದ ಗುಂಪಿಗೆ ಹೋಗುವಾಗ ಎಷ್ಟೋ ಸಲ ಚಿತ್ರ ಮಾತ್ರ ಮುಂದೆ ಹೋಗಿ ಬರಹ ಹಿಂದೆ ಉಳಿಯುತ್ತದೆ. ಆದಕಾರಣ ಹುಟ್ಟಿದ ದಿನಾಂಕದ ಆ ಮೂರು ಸಾಲುಗಳನ್ನೂ ಕೊನೆಯ ದಿನವನ್ನೂ ಪೋಸ್ಟರಿನ ಒಳಗೂ ಅಚ್ಚು ಮಾಡಿಸಿ; ಜಾಗ ಸಾಲದಿದ್ದರೆ ಅತಿಥಿಗಳ ಫೋಟೊಗಳನ್ನು ಸ್ವಲ್ಪ ಚಿಕ್ಕದು ಮಾಡಿಸಿ.