R-2R ಏಣಿ: ಪ್ರತಿ ಮೆಟ್ಟಿಲಲ್ಲೂ ಒಂದು ಸರಾಸರಿ

ಮೈಕ್ರೊಕಂಟ್ರೋಲರಿನ ಪಿನ್‌ಗೆ ಗೊತ್ತಿರುವುದು ಎರಡೇ ಮಾತು: ಸೊನ್ನೆ, ಇಲ್ಲವೇ 5 ವೋಲ್ಟ್. ಅಂಥ ಎಂಟು ಪಿನ್‌ಗಳಿಂದ 2.3 ವೋಲ್ಟ್ ಪಡೆಯಬೇಕೆಂದರೆ ರೆಸಿಸ್ಟರುಗಳ ಒಂದು ಏಣಿ ಸಾಕು. ಅದರ ಉದ್ದದ ಕಂಬದಲ್ಲಿ R ಬೆಲೆಯ ರೆಸಿಸ್ಟರುಗಳು ಸಾಲಾಗಿರುತ್ತವೆ. ಪ್ರತಿ ಗಂಟಿನಿಂದ ಒಂದೊಂದು ಪಿನ್‌ಗೆ 2R ಬೆಲೆಯ ಕಾಲು ಹೊರಡುತ್ತದೆ. ಕೆಳತುದಿಯಿಂದ ನೆಲಕ್ಕೆ ಇನ್ನೊಂದು 2R.

ಲೆಕ್ಕವನ್ನು ಈ ಕೆಳತುದಿಯಿಂದಲೇ ಶುರುಮಾಡಬೇಕು. ಅಲ್ಲಿನ ಗಂಟಿಗೆ ಎರಡು 2R ಸೇರಿವೆ, ಒಂದು ನೆಲದಿಂದ, ಇನ್ನೊಂದು ಅತಿ ಕಿರಿಯ ಬಿಟ್‌ನಿಂದ. ಎರಡೂ ಸಮವಾದ್ದರಿಂದ ಗಂಟಿನ ವೋಲ್ಟೇಜು ಎರಡರ ಸರಾಸರಿ. ಥೆವೆನಿನ್ ನಿಯಮದಂತೆ ಆ ಗಂಟಿನ ಒಳರೋಧ R. ಮುಂದಿನ ಗಂಟಿಗೆ ಹೋಗುವ ದಾರಿಯಲ್ಲಿ ಇನ್ನೊಂದು R ಕೂಡಿ ಅದು ಮತ್ತೆ 2R ಆಗುತ್ತದೆ. ಅಲ್ಲಿ ಎದುರಾಗುವ ಕಾಲೂ 2R, ಹಾಗಾಗಿ ಮತ್ತೊಮ್ಮೆ ಸರಾಸರಿ. b ಎಂದರೆ ಆ ಕಾಲಿನ ಬಿಟ್, 0 ಅಥವಾ 1; Vref ಎಂದರೆ ಪಿನ್ ಕೊಡುವ 5 ವೋಲ್ಟ್ ಎಂದಿಟ್ಟುಕೊಂಡರೆ ಇಡೀ ಏಣಿಯ ಗುಟ್ಟು ಇಷ್ಟೇ:

```
V(ಮುಂದಿನ) = (b·Vref + V(ಹಿಂದಿನ)) / 2
```

ಕಿರಿಯ ಬಿಟ್ ಎಂಟು ಸಲ ಅರ್ಧವಾಗಿ 1/256 ಪಾಲು ಪಡೆಯುತ್ತದೆ. ಹಿರಿಯ ಬಿಟ್ ಒಮ್ಮೆ ಮಾತ್ರ ಅರ್ಧವಾಗುತ್ತದೆ. ಬರೆದ ಸಂಖ್ಯೆ D ಆದರೆ ಏಣಿಯ ಮೇಲ್ತುದಿಯಲ್ಲಿ ಹೊರಬರುವುದು Vref × D / 256. 118 ಬರೆದರೆ 2.305 ವೋಲ್ಟ್. R ಎಷ್ಟು ಓಮ್ ಎಂಬುದು ಸೂತ್ರದಲ್ಲಿ ಎಲ್ಲೂ ಇಲ್ಲ. ಬೇಕಾದದ್ದು ಅನುಪಾತ ಮಾತ್ರ.

ಅನುಪಾತ ಕೆಟ್ಟರೆ? ಹಿರಿಯ ಬಿಟ್‌ನ ಕಾಲೊಂದೇ ಶೇ. 1ರಷ್ಟು ಹೆಚ್ಚಿದೆ, ಉಳಿದದ್ದೆಲ್ಲ ನಿಖರ ಎಂದುಕೊಳ್ಳಿ. ಆ ಬಿಟ್‌ನ ಪಾಲು ಅರ್ಧದ ಬದಲು 1/2.01ಕ್ಕೆ ಇಳಿಯುತ್ತದೆ, ಕೆಳಗಿನ ಏಳು ಬಿಟ್‌ಗಳ ಪಾಲು 1.01/2.01ಕ್ಕೆ ಏರುತ್ತದೆ. 127ರಲ್ಲಿ ಕೆಳಗಿನ ಏಳೂ ಹೊತ್ತಿರುತ್ತವೆ: 2.4928 ವೋಲ್ಟ್. 128ರಲ್ಲಿ ಅವೆಲ್ಲ ಆರಿ ಹಿರಿಯದೊಂದೇ ಹೊತ್ತುತ್ತದೆ: 2.4876 ವೋಲ್ಟ್. ಸುಮಾರು 19.5 ಮಿಲಿವೋಲ್ಟ್ ಏರಬೇಕಾದಲ್ಲಿ 5 ಮಿಲಿವೋಲ್ಟ್ ಇಳಿಯಿತು! ಸಂಖ್ಯೆ ಹೆಚ್ಚಿದಾಗ ವೋಲ್ಟೇಜು ತಗ್ಗುವುದು ಸಣ್ಣ ತಪ್ಪಲ್ಲ. ಈ ಏಣಿಯನ್ನು ನಂಬಿದ ನಿಯಂತ್ರಣ ವ್ಯವಸ್ಥೆ ಅದೇ ಜಾಗದಲ್ಲಿ ಹಿಂದೆ ಮುಂದೆ ತೂಗಾಡಬಹುದು. ಮೆಟ್ಟಿಲು ಪೂರ್ತಿ ಅಳಿಸಿಹೋಗಲು ಶೇ. 0.8ರಷ್ಟು ತಪ್ಪೇ ಸಾಕು. ಹಿರಿಯ ಬಿಟ್‌ನ ಕೆಳಗಿನ ಕಾಲಿನಲ್ಲಾದರೆ ಇದರ ಎರಡರಷ್ಟು ತಪ್ಪನ್ನೂ ಸಹಿಸಬಹುದು, ಅದರ ಕೆಳಗೆ ನಾಲ್ಕರಷ್ಟನ್ನು. ಆದ್ದರಿಂದ ಒಳ್ಳೆಯ ರೆಸಿಸ್ಟರುಗಳನ್ನು ಆರಿಸಿ ಏಣಿಯ ಮೇಲ್ತುದಿಗೆ ಹಾಕಬೇಕು.

ದೋಷ ಕಂಡುಹಿಡಿಯಲು ಆಸಿಲೋಸ್ಕೋಪೇ ಬೇಕೆಂದಿಲ್ಲ. 127 ಮತ್ತು 128 ಬರೆದು ಮಿಲಿವೋಲ್ಟ್ ತೋರಿಸುವ ಮಲ್ಟಿಮೀಟರಿನಲ್ಲಿ ಅಳೆಯಿರಿ, ನಂತರ 63 ಮತ್ತು 64. ರೆಸಿಸ್ಟರುಗಳೆಲ್ಲ ಸರಿಯಿದ್ದೂ ಮೆಟ್ಟಿಲು ಕುಗ್ಗಿದ್ದರೆ ಪಿನ್‌ನ ಮೇಲೆಯೇ ಅನುಮಾನಪಡಿ. ಪಿನ್‌ಗೂ ತನ್ನದೇ ಒಳರೋಧವಿದ್ದು, ಅದು ಕಾಲಿನ 2Rಗೆ ಕೂಡುತ್ತದೆ. ಅದು 30 ಓಮ್ ಎನ್ನೋಣ: ಕಾಲು 2 ಕಿಲೊಓಮ್ ಆಗಿದ್ದರೆ ತಪ್ಪು ಶೇ. 1.5, 20 ಕಿಲೊಓಮ್ ಆದರೆ ಶೇ. 0.15.